ಸಂಬಳಕ್ಕೆ ಡಿಎ ಇದೆ, ಠೇವಣಿಗೆ ಇಲ್ಲ: ತೆರಿಗೆ, ಹಣದುಬ್ಬರ ಕಳೆದ ಮೇಲೆ ಎಫ್‌ಡಿ ಬಡ್ಡಿಯಲ್ಲಿ ಉಳಿಯುವುದೆಷ್ಟು?

ನವದೆಹಲಿ: ದಕ್ಷಿಣ ದೆಹಲಿಯ ಕಿದ್ವಾಯಿ ನಗರದಲ್ಲಿ ವಾಸಿಸುವವರಲ್ಲಿ ಬಹುಪಾಲು ಜನ ಕೇಂದ್ರ ಸರ್ಕಾರದ ನೌಕರರು. ಏಮ್ಸ್ ಆಸ್ಪತ್ರೆ ಒಂದು ಕಡೆ, ಐಎನ್‌ಎ ಮಾರುಕಟ್ಟೆ ಇನ್ನೊಂದು ಕಡೆ, ನಡುವೆ ಹಳೆಯ ಕ್ವಾರ್ಟರ್ಸ್ ಕೆಡವಿ ಎನ್‌ಬಿಸಿಸಿ ಕಟ್ಟಿದ ಬಹುಮಹಡಿ ವಸತಿ ಸಮುಚ್ಚಯ. ಇಲ್ಲಿನ ಮನೆಗಳಲ್ಲಿ ವರ್ಷಕ್ಕೆ ಎರಡು ಬಾರಿ ತಪ್ಪದೇ ಚರ್ಚೆಯಾಗುವ ವಿಷಯವೆಂದರೆ ತುಟ್ಟಿಭತ್ಯೆ, ಅಂದರೆ ಡಿಎ. ಬೆಲೆ ಏರಿದಂತೆ ಸಂಬಳವೂ ಸ್ವಲ್ಪ ಏರಲಿ ಎಂದು ಸರ್ಕಾರ ಮಾಡಿಕೊಂಡಿರುವ ವ್ಯವಸ್ಥೆ ಅದು.

ಆದರೆ ಅದೇ ಸಂಬಳದಲ್ಲಿ ಉಳಿಸಿ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟ ಹಣಕ್ಕೆ ಡಿಎ ಇಲ್ಲ. ಠೇವಣಿ ಇಡುವ ದಿನ ನಿಗದಿಯಾದ ಬಡ್ಡಿಯೇ ಕೊನೆಯವರೆಗೂ. ಮಧ್ಯದಲ್ಲಿ ಬೇಳೆ, ಎಣ್ಣೆ, ಶಾಲಾ ಶುಲ್ಕ ಎಷ್ಟೇ ಏರಿದರೂ ಬಡ್ಡಿ ಏರುವುದಿಲ್ಲ. ಮೇಲಾಗಿ ಆ ಬಡ್ಡಿಗೆ ತೆರಿಗೆಯೂ ಉಂಟು. ಬಡ್ಡಿಯಲ್ಲಿ ಮೊದಲು ತೆರಿಗೆ ಕಳೆದು, ನಂತರ ಬೆಲೆ ಏರಿಕೆಯನ್ನು ಕಳೆದರೆ ಉಳಿಯುವುದನ್ನು ನೈಜ ಲಾಭ ಎನ್ನುತ್ತಾರೆ. ಹಲವು ವರ್ಷಗಳಲ್ಲಿ ಇದು ಸೊನ್ನೆಗಿಂತ ಕೆಳಗಿತ್ತು. ಪಾಸ್‌ಬುಕ್ಕಿನಲ್ಲಿ ಹಣ ಬೆಳೆದಿದ್ದರೂ ಆ ಹಣದಿಂದ ಕೊಳ್ಳಬಹುದಾದ ಸಾಮಾನು ಕಡಿಮೆಯಾಗಿತ್ತು.

ಈ ಲೆಕ್ಕ ಮಾಡುವುದು ಹೇಗೆ, ಎಲ್ಲಿ ಎಡವುವ ಸಾಧ್ಯತೆ ಹೆಚ್ಚು ಎಂಬ ವಿವರ ಇಲ್ಲಿದೆ.

ದೋಸೆ ಲೆಕ್ಕದಿಂದ ಶುರು

ನೈಜ ಲಾಭದ ವಿಚಾರವನ್ನು ದೆಹಲಿಯಲ್ಲೇ ಅತ್ಯಂತ ಸರಳವಾಗಿ ವಿವರಿಸಿದವರು ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ರಘುರಾಂ ರಾಜನ್. 2016ರ ಜನವರಿಯಲ್ಲಿ ಎನ್‌ಸಿಎಇಆರ್ ಸಂಸ್ಥೆಯಲ್ಲಿ ಸಿ.ಡಿ. ದೇಶಮುಖ್ ಸ್ಮಾರಕ ಉಪನ್ಯಾಸ ನೀಡುವಾಗ ಅವರು ಆರಿಸಿಕೊಂಡ ಉದಾಹರಣೆ ದೋಸೆ. ಬಡ್ಡಿದರ ಇಳಿಯುತ್ತಿದೆ, ನಮ್ಮ ಗತಿಯೇನು ಎಂದು ಪಿಂಚಣಿದಾರರು ಅವರಿಗೆ ಪತ್ರ ಬರೆಯುತ್ತಿದ್ದ ಕಾಲ ಅದು.

ಪಿಂಚಣಿದಾರರೊಬ್ಬರ ಬಳಿ 1 ಲಕ್ಷ ರೂಪಾಯಿ ಇದೆ, ದೋಸೆಯ ಬೆಲೆ 50 ರೂಪಾಯಿ. ಇಂದು ಕೊಂಡರೆ 2,000 ದೋಸೆ. ಬಡ್ಡಿ ಶೇ 10, ಹಣದುಬ್ಬರವೂ ಶೇ 10 ಇದ್ದರೆ ವರ್ಷದ ಕೊನೆಗೆ 10,000 ರೂಪಾಯಿ ಬಡ್ಡಿ ಬರುತ್ತದೆ, ದೋಸೆ 55 ರೂಪಾಯಿಗೆ ಏರುತ್ತದೆ. ಬಡ್ಡಿ ಹಣಕ್ಕೆ ಸುಮಾರು 182 ದೋಸೆ ಸಿಗುತ್ತದೆ. ಬಡ್ಡಿ ಶೇ 8ಕ್ಕೆ, ಹಣದುಬ್ಬರ ಶೇ 5.5ಕ್ಕೆ ಇಳಿದರೆ ದೋಸೆ 52.75 ರೂಪಾಯಿ, ಬಡ್ಡಿ 8,000 ರೂಪಾಯಿ, ಅದಕ್ಕೆ ಸಿಗುವುದು 152 ದೋಸೆ ಮಾತ್ರ. 30 ದೋಸೆ ಕಡಿಮೆಯಾಯಿತು ಎಂದು ಪಿಂಚಣಿದಾರರು ದೂರುವುದು ಸಹಜ.

ಆದರೆ ಅಸಲನ್ನೂ ದೋಸೆಯಲ್ಲೇ ಎಣಿಸಿ ಎಂದರು ರಾಜನ್. ಮೊದಲ ಸಂದರ್ಭದಲ್ಲಿ 1 ಲಕ್ಷದ ಅಸಲಿಗೆ ಈಗ 1,818 ದೋಸೆ ಮಾತ್ರ ಬರುತ್ತದೆ. ಬಡ್ಡಿ ಸೇರಿಸಿದರೆ ಮತ್ತೆ ಅದೇ 2,000. ಎರಡನೆಯದರಲ್ಲಿ ಅಸಲಿಗೆ 1,896, ಬಡ್ಡಿ ಸೇರಿ ಸುಮಾರು 2,047. ಬಡ್ಡಿ ಕಡಿಮೆ ಸಿಕ್ಕರೂ ಪಿಂಚಣಿದಾರರಿಗೆ ಲಾಭ. ಬಡ್ಡಿ ಕೈಗೆ ಬರುವುದು ಕಾಣುತ್ತದೆ, ಅಸಲು ಕರಗುವುದು ಕಾಣುವುದಿಲ್ಲ. ಇದು ಅವರ ಮಾತಿನ ತಿರುಳು.

ಈ ಉದಾಹರಣೆಯಲ್ಲಿ ತೆರಿಗೆ ಇಲ್ಲ. ಅದನ್ನೂ ಸೇರಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ಆ ಪಿಂಚಣಿದಾರರು ಶೇ 20ರ ತೆರಿಗೆ ಹಂತದಲ್ಲಿದ್ದಾರೆ, ಶೇ 4 ಸೆಸ್ ಸೇರಿ ಶೇ 20.8 ಕಟ್ಟಬೇಕು ಎಂದಿಟ್ಟುಕೊಳ್ಳೋಣ. ಮೊದಲ ಸಂದರ್ಭದಲ್ಲಿ 10,000 ಬಡ್ಡಿಯಲ್ಲಿ 2,080 ತೆರಿಗೆಗೆ ಹೋಗಿ 7,920 ಉಳಿಯುತ್ತದೆ. ಒಟ್ಟು 1,07,920 ರೂಪಾಯಿಯನ್ನು 55ರಿಂದ ಭಾಗಿಸಿದರೆ 1,962 ದೋಸೆ. ವರ್ಷವಿಡೀ ಹಣ ಮುಟ್ಟದೆ ಕಾದಿದ್ದಕ್ಕೆ 38 ದೋಸೆ ನಷ್ಟ. ಎರಡನೆಯದರಲ್ಲಿ ತೆರಿಗೆ ಕಳೆದು 1,06,336 ರೂಪಾಯಿ, ಅಂದರೆ 2,016 ದೋಸೆ. ಲಾಭ 47ರಿಂದ 16ಕ್ಕೆ ಇಳಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಶೇ 10 ಬಡ್ಡಿ, ಶೇ 10 ಹಣದುಬ್ಬರ ಇದ್ದಾಗ ಆ ವ್ಯಕ್ತಿಗೆ ನಿಜವಾದ ಆದಾಯವೇ ಇರಲಿಲ್ಲ. ಬಂದ ಬಡ್ಡಿ ಅಸಲಿನ ಸವೆತವನ್ನು ತುಂಬಲಷ್ಟೇ ಸಾಕಾಯಿತು. ಆದರೂ ಆದಾಯ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಪೂರ್ತಿ 10,000 ಆದಾಯ. ಎಫ್‌ಡಿ ಬಡ್ಡಿಗೆ ತೆರಿಗೆ ಲೆಕ್ಕ ಹಾಕುವಾಗ ಹಣದುಬ್ಬರಕ್ಕೆಂದು ಏನನ್ನೂ ಕಳೆಯುವುದಿಲ್ಲ. ಹಾಗಾಗಿ ಹಣದುಬ್ಬರ ಏರಿದಷ್ಟೂ ತೆರಿಗೆಯ ಪೆಟ್ಟು ಜೋರಾಗುತ್ತದೆ.

ಲೆಕ್ಕದ ಸೂತ್ರ

ವಾರ್ಷಿಕ ಬಡ್ಡಿಯಿಂದ ತೆರಿಗೆ ಕಳೆದು, ಉಳಿದದ್ದನ್ನು ಅಸಲಿಗೆ ಸೇರಿಸಿ, ಆ ಮೊತ್ತವನ್ನು ಬೆಲೆ ಏರಿಕೆಯಿಂದ ಭಾಗಿಸಬೇಕು. ಸೂತ್ರ ಹೀಗಿದೆ:

ನೈಜ ಲಾಭ = (1 + ಬಡ್ಡಿ × (1 − ತೆರಿಗೆ)) ÷ (1 + ಹಣದುಬ್ಬರ) − 1

ಬಾಯಿಲೆಕ್ಕಕ್ಕೆ ಸುಮ್ಮನೆ ಕಳೆದರೂ ನಡೆಯುತ್ತದೆ. ಬಡ್ಡಿ ಶೇ 7, ತೆರಿಗೆಗೆ ಹೋಗುವುದು 1.5, ಹಣದುಬ್ಬರ 5 ಎಂದರೆ ಉಳಿಯುವುದು ಸುಮಾರು ಅರ್ಧ ಶೇಕಡ. ಹಣದುಬ್ಬರ ಕಡಿಮೆ ಇದ್ದಾಗ ಭಾಗಿಸುವುದಕ್ಕೂ ಕಳೆಯುವುದಕ್ಕೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ.

ಭಾರತದ ಬ್ಯಾಂಕುಗಳು ಎಫ್‌ಡಿ ಬಡ್ಡಿಯನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತವೆ. ಆದ್ದರಿಂದ ಶೇ 5 ಎಂದು ಬರೆದಿದ್ದರೆ ವರ್ಷದ ಕೊನೆಗೆ ಸಿಗುವುದು ಶೇ 5.09. ಸೂತ್ರದಲ್ಲಿ ಈ ಎರಡನೆಯ ಸಂಖ್ಯೆಯನ್ನೇ ಹಾಕಬೇಕು. ಪ್ರತಿ ತಿಂಗಳು ಬಡ್ಡಿ ಪಡೆಯುವವರಿಗೆ ಈ ಚಕ್ರಬಡ್ಡಿಯ ಲಾಭ ಇಲ್ಲ.

2021ರ ಏಪ್ರಿಲ್‌ನಲ್ಲಿ ಇಟ್ಟ ಠೇವಣಿಯ ಕಥೆ

ಕಾಲ್ಪನಿಕ ಕುಟುಂಬವೊಂದನ್ನು ತೆಗೆದುಕೊಂಡು, ನಿಜವಾದ ದರಗಳಲ್ಲಿ ಲೆಕ್ಕ ಹಾಕೋಣ. ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿರುವ ನೌಕರರೊಬ್ಬರು 2021ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ 10 ಲಕ್ಷ ರೂಪಾಯಿಯನ್ನು ಒಂದು ವರ್ಷಕ್ಕೆ ಎಫ್‌ಡಿ ಇಟ್ಟರು. ಆಗ 60 ವರ್ಷದೊಳಗಿನವರಿಗೆ ಒಂದು ವರ್ಷದ ಠೇವಣಿಗೆ ದರ ಶೇ 5. ಅವರು ಶೇ 20ರ ತೆರಿಗೆ ಹಂತದಲ್ಲಿದ್ದಾರೆ.

2022ರ ಏಪ್ರಿಲ್‌ನಲ್ಲಿ ಖಾತೆಯಲ್ಲಿ 10,50,945 ರೂಪಾಯಿ. ಬಡ್ಡಿ 50,945. ಇದರ ಮೇಲೆ ಶೇ 20.8ರಂತೆ ತೆರಿಗೆ 10,597. ಕೈಗೆ ಉಳಿದದ್ದು 10,40,348.

ಇನ್ನು ಬೆಲೆಯ ಕಡೆ ಬರೋಣ. ಕೇಂದ್ರ ಅಂಕಿಅಂಶ ಸಚಿವಾಲಯ ಪ್ರಕಟಿಸುವ ಗ್ರಾಹಕ ಬೆಲೆ ಸೂಚ್ಯಂಕ 2021ರ ಏಪ್ರಿಲ್‌ನಲ್ಲಿ 157.8 ಇತ್ತು. 2022ರ ಏಪ್ರಿಲ್‌ನಲ್ಲಿ 170.1 ಆಯಿತು. ಏರಿಕೆ ಶೇ 7.79. ಉಕ್ರೇನ್ ಯುದ್ಧ ಶುರುವಾಗಿ ಖಾದ್ಯ ತೈಲ, ಇಂಧನ ದುಬಾರಿಯಾಗಿದ್ದ ಸಮಯ ಅದು. ಅಡುಗೆ ಎಣ್ಣೆಯ ಬೆಲೆ ಯಾವ ಮನೆಗೂ ಮರೆತಿರಲಾರದು.

10,40,348 ರೂಪಾಯಿಯನ್ನು ಈ ಏರಿಕೆಯಿಂದ ಭಾಗಿಸಿದರೆ ಒಂದು ವರ್ಷದ ಹಿಂದಿನ ಬೆಲೆಯಲ್ಲಿ ಅದರ ಮೌಲ್ಯ 9,65,120 ರೂಪಾಯಿ. ಅಂದರೆ 10 ಲಕ್ಷದಲ್ಲಿ ಸುಮಾರು 34,900 ರೂಪಾಯಿಯ ಕೊಳ್ಳುವ ಶಕ್ತಿ ಹೋಯಿತು. ನೈಜ ಲಾಭ ಋಣಾತ್ಮಕ, ಮೈನಸ್ ಶೇ 3.5.

ತೆರಿಗೆಯೇ ಇಲ್ಲದ ವ್ಯಕ್ತಿಗೂ ಆ ವರ್ಷ ಮೈನಸ್ ಶೇ 2.5 ಆಗುತ್ತಿತ್ತು. ಶೇ 30ರ ಹಂತದವರಿಗೆ ಮೈನಸ್ ಶೇ 4. ಶೇ 20ರ ಹಂತದವರು ನಷ್ಟವಿಲ್ಲದೆ ಪಾರಾಗಬೇಕಿದ್ದರೆ ಬ್ಯಾಂಕ್ ವರ್ಷಕ್ಕೆ ಶೇ 9.84 ಬಡ್ಡಿ ಕೊಡಬೇಕಿತ್ತು. ಹಣದುಬ್ಬರವನ್ನು, ತೆರಿಗೆ ಕಳೆದ ಭಾಗದಿಂದ (ಇಲ್ಲಿ 0.792) ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ಹಣದುಬ್ಬರ ಶೇ 4 ಇರುವ ವರ್ಷದಲ್ಲಿ ಇದೇ ಲೆಕ್ಕ ಮಾಡಿದರೆ ಶೇ 20ರ ಹಂತಕ್ಕೆ 5.05, ಶೇ 30ರ ಹಂತಕ್ಕೆ 5.81 ಬಡ್ಡಿ ಬೇಕು. ಠೇವಣಿ ಇಡುವ ಮುನ್ನ ಈ ಒಂದು ಸಂಖ್ಯೆ ತಿಳಿದಿದ್ದರೆ ಬಹಳ ಮಟ್ಟಿಗೆ ಸಾಕು.

ಇದೇ ಅವಧಿಯಲ್ಲಿ ಅವರ ಸಂಬಳಕ್ಕೆ ಏನಾಯಿತು? ಕೋವಿಡ್ ಕಾರಣಕ್ಕೆ 2020ರ ಜನವರಿಯಿಂದ 2021ರ ಜೂನ್‌ವರೆಗೆ ಡಿಎ ಶೇ 17ರಲ್ಲೇ ನಿಂತಿತ್ತು, ಆ ಅವಧಿಯ ಬಾಕಿಯನ್ನು ಸರ್ಕಾರ ಕೊಡಲಿಲ್ಲ. ನಂತರ 2021ರ ಜುಲೈಗೆ ಶೇ 31, 2022ರ ಜನವರಿಗೆ 34, ಜುಲೈಗೆ 38 ಆಯಿತು. ತಡವಾಗಿಯಾದರೂ ಸಂಬಳ ಬೆಲೆಯ ಹಿಂದೆ ಓಡಿತು. ಎಫ್‌ಡಿ ಶೇ 5ರಲ್ಲೇ ಕುಳಿತಿತ್ತು.

ಯಾವ ಹಣದುಬ್ಬರ ಕಳೆಯಬೇಕು?

ಹೆಚ್ಚಿನವರು ಎಡವುವುದು ಇಲ್ಲಿ. ಈ ತಿಂಗಳು ಪತ್ರಿಕೆಯಲ್ಲಿ ಬಂದ ಹಣದುಬ್ಬರವನ್ನು ಈ ತಿಂಗಳು ಇಡುವ ಠೇವಣಿಯ ಬಡ್ಡಿಯಿಂದ ಕಳೆಯುತ್ತಾರೆ. ಆದರೆ ಪ್ರಕಟವಾಗುವ ಹಣದುಬ್ಬರ ಹಿಂದಿನ ಹನ್ನೆರಡು ತಿಂಗಳಿನದು. ಠೇವಣಿಯ ಬಡ್ಡಿ ಮುಂದಿನ ಹನ್ನೆರಡು ತಿಂಗಳಿನದು. ಎರಡೂ ಬೇರೆ ಬೇರೆ ಕಾಲಕ್ಕೆ ಸೇರಿದವು.

ಇದಕ್ಕೆ 2024ರ ಅಕ್ಟೋಬರ್ ಒಳ್ಳೆಯ ಉದಾಹರಣೆ. ಆ ತಿಂಗಳ ಹಣದುಬ್ಬರ ಶೇ 6.21. ಟೊಮೆಟೊ, ಈರುಳ್ಳಿ, ಎಣ್ಣೆ ಎಲ್ಲವೂ ದುಬಾರಿ. ಸ್ಟೇಟ್ ಬ್ಯಾಂಕಿನಲ್ಲಿ ಒಂದರಿಂದ ಎರಡು ವರ್ಷದೊಳಗಿನ ಠೇವಣಿಗೆ ಆಗ ದರ ಶೇ 6.8, ಚಕ್ರಬಡ್ಡಿ ಸೇರಿ ಶೇ 6.98. ಶೇ 20.8 ತೆರಿಗೆ ಕಳೆದರೆ ಶೇ 5.52. ಅಂದು ಪತ್ರಿಕೆ ನೋಡಿ ಲೆಕ್ಕ ಹಾಕಿದವರಿಗೆ ಎಫ್‌ಡಿ ಇಟ್ಟರೆ ನಷ್ಟ ಎಂದೇ ಅನಿಸುತ್ತಿತ್ತು.

ಒಂದು ವರ್ಷದ ನಂತರ, 2025ರ ಅಕ್ಟೋಬರ್‌ನ ಹಣದುಬ್ಬರ ಪ್ರಕಟವಾದಾಗ ಅದು ಶೇ 0.25. ತರಕಾರಿ, ಬೇಳೆಕಾಳುಗಳ ಬೆಲೆ ಹಿಂದಿನ ವರ್ಷಕ್ಕಿಂತ ಕುಸಿದಿತ್ತು, ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೂ ಇಳಿದಿದ್ದವು. ಹಾಗಾಗಿ 2024ರ ಅಕ್ಟೋಬರ್‌ನಲ್ಲಿ 10 ಲಕ್ಷ ಇಟ್ಟವರಿಗೆ ತೆರಿಗೆ ಕಳೆದು 55,245 ರೂಪಾಯಿ ಸಿಕ್ಕಿತು, ಬೆಲೆ ಏರಿಕೆ ಕಳೆದ ಮೇಲೂ ನೈಜ ಲಾಭ ಶೇ 5.26. ನಷ್ಟ ಎಂದುಕೊಂಡ ವರ್ಷ ಎಫ್‌ಡಿಗೆ ಅಪರೂಪದ ಒಳ್ಳೆಯ ವರ್ಷವಾಯಿತು. 2021ರಲ್ಲಿ ಠೇವಣಿ ಇಟ್ಟವರಿಗೆ ಇದರ ಉಲ್ಟಾ ಆಗಿತ್ತು.

ಮುಂದಿನ ವರ್ಷದ ಹಣದುಬ್ಬರ ಠೇವಣಿ ಇಡುವ ದಿನ ಯಾರಿಗೂ ಗೊತ್ತಿರುವುದಿಲ್ಲ. ಅಂದಾಜಿಗೆ ಎರಡು ಆಧಾರಗಳಿವೆ. ರಿಸರ್ವ್ ಬ್ಯಾಂಕಿನ ಗುರಿ ಶೇ 4, ಎರಡು ಶೇಕಡ ಆಚೀಚೆ. ಪ್ರತಿ ಹಣಕಾಸು ನೀತಿ ಸಭೆಯ ನಂತರ ಅದು ಮುಂದಿನ ತ್ರೈಮಾಸಿಕಗಳ ಅಂದಾಜನ್ನೂ ಹೇಳುತ್ತದೆ. ಒಂದು ವರ್ಷದ ಠೇವಣಿಗೆ ಆ ಅಂದಾಜನ್ನು, ಐದು ವರ್ಷದ ಠೇವಣಿಗೆ ಶೇ 4ರಿಂದ 5ರ ನಡುವಿನ ಸಂಖ್ಯೆಯನ್ನು ಹಾಕಿ ನೋಡುವುದು ಸಮಂಜಸ. 2020-21ರಿಂದ 2024-25ರವರೆಗಿನ ಐದು ವರ್ಷಗಳಲ್ಲಿ ವಾರ್ಷಿಕ ಸರಾಸರಿ ಹಣದುಬ್ಬರ ಕ್ರಮವಾಗಿ ಶೇ 6.2, 5.5, 6.7, 5.4 ಮತ್ತು 4.6 ಇತ್ತು. ಒಂದು ವರ್ಷವೂ 4 ಮುಟ್ಟಿರಲಿಲ್ಲ. ಒಂದೇ ತಿಂಗಳ 0.25 ನೋಡಿ ಐದು ವರ್ಷಕ್ಕೆ ಹಣ ಕಟ್ಟಿಹಾಕುವವರು ಇದನ್ನು ನೆನಪಿಡಬೇಕು.

ಶೇ 15ರ ಹಂತ, ಆದರೆ ತೆರಿಗೆ ಶೇ 83

ಸೂತ್ರದಲ್ಲಿ ಹಾಕಬೇಕಾದ ತೆರಿಗೆ ಯಾವುದು? ಬ್ಯಾಂಕ್ ಕಡಿತ ಮಾಡುವ ಶೇ 10 ಟಿಡಿಎಸ್ ಅಲ್ಲ. ಅದು ಮುಂಗಡ ಅಷ್ಟೇ. ನೀವು ವರ್ಷಕ್ಕೆ ಕಟ್ಟುವ ತೆರಿಗೆಯ ಸರಾಸರಿಯೂ ಅಲ್ಲ. ಬಡ್ಡಿ ಇಲ್ಲದಿದ್ದರೆ ಎಷ್ಟು ತೆರಿಗೆ, ಬಡ್ಡಿ ಸೇರಿದ ಮೇಲೆ ಎಷ್ಟು ಎಂಬುದರ ವ್ಯತ್ಯಾಸವನ್ನು ಬಡ್ಡಿಯಿಂದ ಭಾಗಿಸಬೇಕು.

ಸಾಮಾನ್ಯವಾಗಿ ಇದು ನಿಮ್ಮ ಮೇಲಿನ ಹಂತದ ದರವೇ ಆಗಿರುತ್ತದೆ. ಆದರೆ 2025-26ರಿಂದ ಜಾರಿಯಾದ ಹೊಸ ತೆರಿಗೆ ಪದ್ಧತಿಯ ಹಂತಗಳಲ್ಲಿ ಒಂದು ಜಾಗ ಮಾತ್ರ ವಿಚಿತ್ರವಾಗಿದೆ. ಕಿದ್ವಾಯಿ ನಗರದಂಥ ಕಡೆ ಮಧ್ಯಮ ದರ್ಜೆಯ ಅಧಿಕಾರಿಗಳ ಸಂಬಳ ಅದರ ಆಸುಪಾಸಿನಲ್ಲೇ ಸುಳಿದಾಡುವುದುಂಟು.

ಹೊಸ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ದಾಟದಿದ್ದರೆ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ನೌಕರರೊಬ್ಬರ ವಾರ್ಷಿಕ ಸಂಬಳ 12.65 ಲಕ್ಷ ಎಂದುಕೊಳ್ಳೋಣ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11.90 ಲಕ್ಷ. ತೆರಿಗೆ ಇಲ್ಲ. ಇವರ ಹೆಸರಲ್ಲಿ 7.8 ಲಕ್ಷದ ಎಫ್‌ಡಿ ಇದೆ, ದರ ಶೇ 6.25, ವರ್ಷದ ಬಡ್ಡಿ ಸುಮಾರು 49,900.

ಬಡ್ಡಿ ಸೇರಿದಾಗ ಆದಾಯ 12,39,900 ಆಯಿತು. 12 ಲಕ್ಷ ದಾಟಿದ ಕೂಡಲೇ ರಿಯಾಯಿತಿ ಹೋಗುತ್ತದೆ, ಹಂತಗಳ ಪ್ರಕಾರ 65,985 ರೂಪಾಯಿ ತೆರಿಗೆ ಬರುತ್ತದೆ. ಇದು ಅನ್ಯಾಯ ಎಂದು ಕಾನೂನೇ ಒಂದು ಮಿತಿ ಹಾಕಿದೆ: 12 ಲಕ್ಷದ ಮೇಲೆ ಎಷ್ಟು ಆದಾಯ ಇದೆಯೋ ಅದಕ್ಕಿಂತ ಹೆಚ್ಚು ತೆರಿಗೆ ಇರಬಾರದು. ಮಾರ್ಜಿನಲ್ ರಿಲೀಫ್ ಎಂದು ಕರೆಯುವುದು ಇದನ್ನೇ. ಹಾಗಾಗಿ ತೆರಿಗೆ 39,900ಕ್ಕೆ ನಿಲ್ಲುತ್ತದೆ. ಶೇ 4 ಸೆಸ್ ಸೇರಿ 41,496.

ಅಂದರೆ 49,900 ಬಡ್ಡಿಯಲ್ಲಿ ಉಳಿದದ್ದು 8,404 ರೂಪಾಯಿ. ತೆರಿಗೆ ಶೇ 83. ಇವರು ಕಾಗದದ ಮೇಲೆ ಶೇ 15ರ ಹಂತದವರು. ತೆರಿಗೆಯ ನಂತರ 7.8 ಲಕ್ಷಕ್ಕೆ ಸಿಕ್ಕಿದ್ದು ಶೇ 1.08. ಹಣದುಬ್ಬರ ಶೇ 2 ಇದ್ದರೂ ನೈಜ ಲಾಭ ಮೈನಸ್ ಶೇ 0.9, ಶೇ 4 ಇದ್ದರೆ ಮೈನಸ್ 2.8.

ಇನ್ನೊಂದು ತಿರುವು ಇದೆ. 60 ವರ್ಷದೊಳಗಿನವರಿಗೆ ಒಂದು ಬ್ಯಾಂಕಿನಿಂದ ವರ್ಷಕ್ಕೆ 50,000 ರೂಪಾಯಿವರೆಗಿನ ಬಡ್ಡಿಗೆ 2025ರ ಏಪ್ರಿಲ್‌ನಿಂದ ಟಿಡಿಎಸ್ ಇಲ್ಲ. ಇವರ ಬಡ್ಡಿ 49,900. ಬ್ಯಾಂಕ್ ಒಂದು ರೂಪಾಯಿಯನ್ನೂ ಕಡಿತ ಮಾಡುವುದಿಲ್ಲ, ಕಚೇರಿಯ ಸಂಬಳ ವಿಭಾಗಕ್ಕೂ ಎಫ್‌ಡಿ ವಿಷಯ ಹೇಳಿರುವುದಿಲ್ಲ. ರಿಟರ್ನ್ಸ್ ಸಲ್ಲಿಸುವ ಹೊತ್ತಿಗೆ ವಾರ್ಷಿಕ ಮಾಹಿತಿ ಹೇಳಿಕೆಯಲ್ಲಿ, ಅಂದರೆ ಎಐಎಸ್‌ನಲ್ಲಿ, ಬಡ್ಡಿ ಕಾಣಿಸಿಕೊಂಡಾಗಲೇ 41,496 ರೂಪಾಯಿಯ ವಿಷಯ ತಿಳಿಯುವುದು.

ಆದಾಯ 12 ಲಕ್ಷದಿಂದ ಸುಮಾರು 12.70 ಲಕ್ಷದ ನಡುವೆ ಬೀಳುವವರಿಗೆ ಮಾತ್ರ ಈ ತೊಂದರೆ. ಅದಕ್ಕಿಂತ ಮೇಲೆ ಹೋದವರಿಗೆ ಹೆಚ್ಚುವರಿ ಆದಾಯಕ್ಕೆ ಮತ್ತೆ ಶೇ 15ರ ದರವೇ. ಆ ನಡುವಿನ ಜಾಗದಲ್ಲಿರುವವರು ಹಣವನ್ನು ಪತ್ನಿಯ ಅಥವಾ ಪತಿಯ ಹೆಸರಿಗೆ ಕೊಟ್ಟು ಎಫ್‌ಡಿ ಮಾಡಿಸಿದರೆ ಪ್ರಯೋಜನವಿಲ್ಲ. ಹಾಗೆ ಕೊಟ್ಟ ಹಣದ ಬಡ್ಡಿ ಕಾನೂನಿನ ಪ್ರಕಾರ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ಕೊನೆಯಲ್ಲಿ ಒಟ್ಟಿಗೆ ಬಡ್ಡಿ ಕೊಡುವ ಐದು ವರ್ಷದ ಠೇವಣಿ ಇಟ್ಟರೂ ಬ್ಯಾಂಕ್ ಪ್ರತಿ ವರ್ಷದ ಬಡ್ಡಿಯನ್ನು ಆಯಾ ವರ್ಷವೇ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಬಡ್ಡಿಗೆ ತೆರಿಗೆಯೇ ಇಲ್ಲದ ಪಿಪಿಎಫ್ ಇಂಥವರಿಗೆ ನಿಜಕ್ಕೂ ಬೇರೆ ದಾರಿ. ಆದರೆ ಅಲ್ಲಿ ವರ್ಷಕ್ಕೆ 1.5 ಲಕ್ಷದ ಮಿತಿ, 15 ವರ್ಷದ ಅವಧಿ ಇದೆ.

ಪಿಪಿಎಫ್‌ಗೂ, 2004ಕ್ಕೆ ಮುನ್ನ ಸೇವೆಗೆ ಸೇರಿದವರ ಜಿಪಿಎಫ್‌ಗೂ 2020ರ ಏಪ್ರಿಲ್‌ನಿಂದ ದರ ಶೇ 7.1. ತೆರಿಗೆ ಇಲ್ಲದ ಕಾರಣ ಸೂತ್ರದಲ್ಲಿ ಹಣದುಬ್ಬರ ಮಾತ್ರ ಕಳೆದರೆ ಸಾಕು (ಜಿಪಿಎಫ್‌ನಲ್ಲಿ ವರ್ಷಕ್ಕೆ 5 ಲಕ್ಷಕ್ಕಿಂತ ಹೆಚ್ಚು ಕಟ್ಟಿದರೆ ಹೆಚ್ಚಿನ ಭಾಗದ ಬಡ್ಡಿಗೆ ತೆರಿಗೆ ಇದೆ). ಶೇ 30ರ ಹಂತದವರು ಎಫ್‌ಡಿಯಿಂದ ಇದೇ 7.1 ಕೈಗೆ ಪಡೆಯಬೇಕಾದರೆ ಬ್ಯಾಂಕ್ ಶೇ 10.3 ಕೊಡಬೇಕು. ಆದರೂ 2022ರ ಏಪ್ರಿಲ್‌ನ 7.79ರ ಮುಂದೆ ಪಿಪಿಎಫ್ ಕೂಡ ಸ್ವಲ್ಪ ಸೋತಿತ್ತು.

ಜಾಹೀರಾತಿನ 'ಯೀಲ್ಡ್' ನಂಬಬೇಡಿ

ಕೆಲವು ಠೇವಣಿ ಜಾಹೀರಾತುಗಳಲ್ಲಿ ಬಡ್ಡಿದರದ ಪಕ್ಕದಲ್ಲಿ ಇನ್ನೊಂದು ದೊಡ್ಡ ಸಂಖ್ಯೆ ಇರುತ್ತದೆ. ಶೇ 6.5ರ ದರದಲ್ಲಿ ಐದು ವರ್ಷ ಇಟ್ಟರೆ 1 ಲಕ್ಷ 1,38,042 ಆಗುತ್ತದೆ. 38,042ನ್ನು ಐದರಿಂದ ಭಾಗಿಸಿ 'ವಾರ್ಷಿಕ ಯೀಲ್ಡ್ ಶೇ 7.6' ಎಂದು ತೋರಿಸುತ್ತಾರೆ. ಲೆಕ್ಕ ಸುಳ್ಳಲ್ಲ, ಆದರೆ ಇದನ್ನು ಹಣದುಬ್ಬರದ ಜತೆ ಹೋಲಿಸುವಂತಿಲ್ಲ. ಹಣದುಬ್ಬರವೂ ಚಕ್ರಬಡ್ಡಿಯಂತೆಯೇ ಬೆಳೆಯುತ್ತದೆ. ಅವಧಿ ಹೆಚ್ಚಾದಷ್ಟೂ ಈ ಯೀಲ್ಡ್ ಉಬ್ಬುತ್ತಾ ಹೋಗುವುದೇ ಅದರ ಗುರುತು. ಇಲ್ಲಿ ನಿಜವಾದ ವಾರ್ಷಿಕ ದರ ಶೇ 6.66.

ನಿಮ್ಮ ಮನೆಯ ಹಣದುಬ್ಬರ ಬೇರೆಯೇ ಇರಬಹುದು

ಸೂಚ್ಯಂಕ ದೇಶದ ಸರಾಸರಿ ಮನೆಯದು. 2012 ಆಧಾರ ವರ್ಷದ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯದ ಪಾಲು ಶೇ 45.86, ನಗರಗಳಿಗಷ್ಟೇ ಲೆಕ್ಕ ಹಾಕಿದರೆ ಶೇ 36ರಷ್ಟು. ನಗರದ ಸೂಚ್ಯಂಕದಲ್ಲಿ ಮನೆ ಬಾಡಿಗೆಯ ಪಾಲು ಶೇ 21.67.

ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿ ಇರುವವರು ಮಾರುಕಟ್ಟೆಯ ಬಾಡಿಗೆ ಕೊಡುವುದಿಲ್ಲ, ಸಂಬಳದಲ್ಲಿ ಕಡಿತವಾಗುವ ಸಣ್ಣ ಲೈಸೆನ್ಸ್ ಶುಲ್ಕ ಕೊಡುತ್ತಾರೆ. ಪಕ್ಕದ ಸೌತ್ ಎಕ್ಸ್‌ಟೆನ್ಷನ್‌ನಲ್ಲಿ ಬಾಡಿಗೆ ಎಷ್ಟು ಏರಿದರೂ ಇವರ ಖರ್ಚು ಏರದು. ಬದಲಿಗೆ ಇವರ ತಿಂಗಳ ಖರ್ಚಿನಲ್ಲಿ ಆಹಾರ, ಶಾಲೆ, ಊರಿಗೆ ಹೋಗಿಬರುವ ರೈಲು-ವಿಮಾನದ ಪಾಲು ಹೆಚ್ಚು. ಹಾಗಾಗಿ ತರಕಾರಿ ಬೆಲೆ ಕುಸಿದ 2025ರಂಥ ವರ್ಷದಲ್ಲಿ ಇವರ ಹಣದುಬ್ಬರ ಸರಾಸರಿಗಿಂತ ಕೆಳಗಿರಬಹುದು, 2022ರಂಥ ವರ್ಷದಲ್ಲಿ ಮೇಲಿರಬಹುದು.

ಅಂದಹಾಗೆ, ಬಡಾವಣೆಗೆ ಹೆಸರು ಕೊಟ್ಟ ರಫಿ ಅಹ್ಮದ್ ಕಿದ್ವಾಯಿ 1952ರಿಂದ 1954ರವರೆಗೆ ಕೇಂದ್ರದ ಆಹಾರ ಸಚಿವರಾಗಿದ್ದವರು. ಧಾನ್ಯಗಳ ಮೇಲಿನ ನಿಯಂತ್ರಣ ತೆಗೆದುಹಾಕಿದ್ದಕ್ಕೆ ಹೆಸರಾದವರು. ಬೇಳೆಕಾಳಿನ ಬೆಲೆಯ ಲೆಕ್ಕಕ್ಕೆ ಈ ಜಾಗ ಅಪರಿಚಿತವೇನಲ್ಲ.

ನಿವೃತ್ತಿಯಾದ ದಿನದಿಂದ ಇದೆಲ್ಲ ತಿರುಗಿಬೀಳುತ್ತದೆ. ಕ್ವಾರ್ಟರ್ಸ್ ಬಿಡಬೇಕು. ದೆಹಲಿಯಲ್ಲೇ ಉಳಿಯಲಿ, ಬೆಂಗಳೂರಿಗೋ ಧಾರವಾಡಕ್ಕೋ ಮರಳಲಿ, ಸ್ವಂತ ಮನೆ ಇಲ್ಲದಿದ್ದರೆ ಬಾಡಿಗೆ ಮೊದಲ ಬಾರಿಗೆ ಪೂರ್ತಿ ತಮ್ಮ ತಲೆಯ ಮೇಲೆ ಬರುತ್ತದೆ. ಅದೇ ಹೊತ್ತಿಗೆ ಗ್ರಾಚ್ಯುಟಿ (ಕೇಂದ್ರ ನೌಕರರಿಗೆ 2024ರ ಜನವರಿಯಿಂದ ಗರಿಷ್ಠ 25 ಲಕ್ಷ), ರಜೆ ನಗದೀಕರಣದ ಹಣ ಒಟ್ಟಿಗೆ ಕೈಗೆ ಬಂದು, ಬಹುಪಾಲು ಎಫ್‌ಡಿಗೆ ಹೋಗುತ್ತದೆ. ಪಿಂಚಣಿಗೆ ಡಿಎಯಂತೆಯೇ ತುಟ್ಟಿ ಪರಿಹಾರ ಸಿಗುತ್ತದೆ. ಈ ದೊಡ್ಡ ಮೊತ್ತಕ್ಕೆ ಸಿಗುವುದಿಲ್ಲ.

ಈ ಹಂತದಲ್ಲಿ ತೆರಿಗೆ ಪದ್ಧತಿಯ ಆಯ್ಕೆ ಮುಖ್ಯವಾಗುತ್ತದೆ. 60 ದಾಟಿದವರಿಗೆ ಹಳೆಯ ಪದ್ಧತಿಯಲ್ಲಿ 80ಟಿಟಿಬಿ ಎಂದೇ ಪರಿಚಿತವಾದ ವಿನಾಯಿತಿ ಇದೆ. ಬ್ಯಾಂಕ್, ಅಂಚೆ ಕಚೇರಿ ಬಡ್ಡಿಯಲ್ಲಿ 50,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಇದಿಲ್ಲ, ಆದರೆ ಹಂತಗಳ ದರ ಕಡಿಮೆ. ಒಟ್ಟು ಆದಾಯ 12 ಲಕ್ಷದೊಳಗೆ ನಿಲ್ಲುವ ಪಿಂಚಣಿದಾರರಿಗೆ ಹೊಸದೇ ಲಾಭ. ಆಗ ಸೂತ್ರದಲ್ಲಿ ತೆರಿಗೆ ಸೊನ್ನೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಇರುವ ಶೇ 8.2 ದರ, 30 ಲಕ್ಷದವರೆಗೆ, ಅವರಿಗೆ ಹಣದುಬ್ಬರ ಶೇ 4 ಇದ್ದರೆ ಸುಮಾರು ಶೇ 4 ನೈಜ ಲಾಭ ಕೊಡುತ್ತದೆ. ಅದೇ ಯೋಜನೆ ಶೇ 30ರ ಹಂತದವರಿಗೆ ಕೊಡುವುದು ಶೇ 1.6. ಆದರೆ ಇಲ್ಲೂ ಒಂದು ಎಚ್ಚರಿಕೆ ಬೇಕು: ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ, ಪೂರ್ತಿ ಖರ್ಚು ಮಾಡಿದರೆ ಐದು ವರ್ಷದ ನಂತರ ವಾಪಸು ಬರುವ 30 ಲಕ್ಷ, ಶೇ 4ರ ಹಣದುಬ್ಬರದಲ್ಲಿ, ಇಂದಿನ 24.66 ಲಕ್ಷಕ್ಕೆ ಸಮ. ರಾಜನ್ ಹೇಳಿದ ಅಸಲಿನ ದೋಸೆ ಕರಗುವುದು ಇಲ್ಲೇ.

ಠೇವಣಿಗೂ ಡಿಎ ಕೊಡುವ ಪ್ರಯತ್ನ

ಅಂಥ ಪ್ರಯತ್ನ ಒಮ್ಮೆ ನಡೆದಿತ್ತು. 2013ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾಮಾನ್ಯ ಉಳಿತಾಯಗಾರರಿಗಾಗಿ ಹಣದುಬ್ಬರಕ್ಕೆ ಜೋಡಿಸಿದ ಬಾಂಡ್ ತಂದಿತ್ತು. ಗ್ರಾಹಕ ಬೆಲೆ ಸೂಚ್ಯಂಕದ ಹಣದುಬ್ಬರ ಎಷ್ಟಿದೆಯೋ ಅಷ್ಟು, ಅದರ ಮೇಲೆ ಶೇ 1.5 ಬಡ್ಡಿ, ಅವಧಿ 10 ವರ್ಷ. ಕನಿಷ್ಠ 5,000 ರೂಪಾಯಿ ಹೂಡಬಹುದಿತ್ತು. ಕೇಳಲು ಚೆನ್ನಾಗಿತ್ತು, ಆದರೆ ಜನ ಹೆಚ್ಚು ಕೊಳ್ಳಲಿಲ್ಲ, 2014ರ ಮಾರ್ಚ್‌ಗೆ ಮಾರಾಟ ನಿಂತಿತು.

ಒಂದು ಕಾರಣವನ್ನು ಇದೇ ಸೂತ್ರದಿಂದ ನೋಡಬಹುದು. ಹಣದುಬ್ಬರದ ಭಾಗವೂ ಸೇರಿ ಪೂರ್ತಿ ಬಡ್ಡಿಗೆ ತೆರಿಗೆ ಇತ್ತು. ಹಣದುಬ್ಬರ ಶೇ 8 ಇದ್ದರೆ ಬಾಂಡ್ ಶೇ 9.5 ಕೊಡುತ್ತದೆ. ಈಗಿನ ಶೇ 31.2ರ ದರದಲ್ಲಿ ತೆರಿಗೆ ಕಳೆದರೆ 6.54, ಅದರಿಂದ ಬೆಲೆ ಏರಿಕೆ ಕಳೆದರೆ ಮೈನಸ್ ಶೇ 1.35. ಹಣದುಬ್ಬರದಿಂದ ರಕ್ಷಣೆ ಎಂದು ಮಾರಿದ ಬಾಂಡೇ ಮೇಲಿನ ಹಂತದವರಿಗೆ ಹಣದುಬ್ಬರದ ಎದುರು ಸೋಲುತ್ತಿತ್ತು. ತೆರಿಗೆ ಇಲ್ಲದವರಿಗೆ ಮಾತ್ರ ಅದು ಹೇಳಿದಂತೆ ಕೆಲಸ ಮಾಡುತ್ತಿತ್ತು.

ಇನ್ನು ಉಳಿತಾಯ ಖಾತೆಯಲ್ಲೇ ಹಣ ಬಿಟ್ಟವರ ಲೆಕ್ಕಕ್ಕೆ ಸೂತ್ರದ ಅಗತ್ಯವೇ ಬೀಳುವುದಿಲ್ಲ. ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆಯ ದರ 2025ರ ಜೂನ್‌ನಿಂದ ಶೇ 2.5. ಹಣದುಬ್ಬರ ರಿಸರ್ವ್ ಬ್ಯಾಂಕಿನ ಗುರಿಯಾದ ಶೇ 4ರಲ್ಲೇ ಶಿಸ್ತಾಗಿ ನಿಂತರೂ, ಒಂದು ರೂಪಾಯಿ ತೆರಿಗೆ ಕಟ್ಟದವರಿಗೂ, ಆ ಹಣ ವರ್ಷಕ್ಕೆ ಒಂದೂವರೆ ಶೇಕಡದಷ್ಟು ಕರಗುತ್ತದೆ.